ಇಮಾಜೆಥಾಪೈರ್‌ಗೆ ಸಾಯದ ಸೋಯಾಬೀನ್ ಹೊಲದ ಕಸ: ನಿರೋಧಕತೆಯೋ, ಸಿಂಪಡಣೆಯ ದೋಷವೋ?

ಪ್ರಶ್ನೆ: ಬೈಲಹೊಂಗಲ ತಾಲೂಕಿನಲ್ಲಿ ನಮ್ಮದು 6 ಎಕರೆ ಎರೆಹೊಲ. 8 ವರ್ಷದಿಂದ ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಗೋಧಿ ಇಲ್ಲವೆ ಜೋಳ. ಪ್ರತಿ ವರ್ಷ ಇಮಾಜೆಥಾಪೈರ್ 10 ಎಸ್.ಎಲ್. ಹೊಡೆಯುತ್ತೇವೆ, 15 ಲೀಟರಿನ ಪಂಪಿಗೆ 40 ಮಿ.ಲೀ., ಎಕರೆಗೆ 6-7 ಪಂಪು. ಎರಡು ವರ್ಷದಿಂದ ಸಾವೆಯಂಥ ಹುಲ್ಲು ಮತ್ತು ಕನ್ನೆ ಸೊಪ್ಪು ಸಾಯುತ್ತಿಲ್ಲ. ಅಂಗಡಿಯವರು ಹೇಳಿದಂತೆ ಹೋದ ವರ್ಷ ಬಿತ್ತಿದ ಕೂಡಲೇ ಡೈಕ್ಲೋಸುಲಾಮ್, ಆಮೇಲೆ ಇಮಾಜೆಥಾಪೈರ್ ಮತ್ತು ಇಮಾಜಾಮಾಕ್ಸ್ ಕೂಡಿದ ಪುಡಿ ಹೊಡೆದೆ. ಆದರೂ ಹುಲ್ಲು ಉಳಿಯಿತು. ಕಸಕ್ಕೆ ಔಷಧ ರೂಢಿಯಾಗಿದೆಯೇ? ಡೋಸ್ ಎರಡು ಪಟ್ಟು ಮಾಡಲೇ?

ಉತ್ತರ: ಡೋಸನ್ನು ಎರಡು ಪಟ್ಟು ಮಾಡಬೇಡಿ. ಕಾರಣಗಳನ್ನು ಮುಂದೆ ವಿವರಿಸುತ್ತೇನೆ. ನಿಮ್ಮ ಪತ್ರದಲ್ಲಿರುವ ಅಂಕಿಗಳೇ ಅರ್ಧ ಉತ್ತರವನ್ನು ಹೇಳುತ್ತಿರುವುದರಿಂದ ಅಲ್ಲಿಂದಲೇ ಆರಂಭಿಸೋಣ.

ಸೋಯಾಬೀನಿಗೆ ಇಮಾಜೆಥಾಪೈರ್ 10 ಎಸ್.ಎಲ್. ಪ್ರಮಾಣ ಹೆಕ್ಟೇರಿಗೆ 1 ಲೀಟರ್, ಅಂದರೆ ಎಕರೆಗೆ 400 ಮಿ.ಲೀ. ಇದನ್ನು ಎಕರೆಗೆ ಸುಮಾರು 200 ಲೀಟರ್ ನೀರಿನಲ್ಲಿ, ಬಿತ್ತಿದ 15ರಿಂದ 20 ದಿನದೊಳಗೆ, ಕಸ ಎರಡು-ಮೂರು ಎಲೆಯಲ್ಲಿದ್ದಾಗ ಹೊಡೆಯಬೇಕು. ನೀವು ಪಂಪಿಗೆ 40 ಮಿ.ಲೀ. ಹಾಕಿ 6 ಪಂಪು ಹೊಡೆದರೆ ಎಕರೆಗೆ ಬಿದ್ದದ್ದು 240 ಮಿ.ಲೀ., 7 ಪಂಪಾದರೆ 280 ಮಿ.ಲೀ. ಪಂಪಿನ ಲೆಕ್ಕ ಸರಿಯಾಗಿಯೇ ಕಂಡರೂ ಎಕರೆಯ ಲೆಕ್ಕದಲ್ಲಿ ನೂರಕ್ಕೆ 30ರಿಂದ 40 ಪಾಲು ಔಷಧ ಹೊಲಕ್ಕೆ ಬಿದ್ದೇ ಇಲ್ಲ. ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಔಷಧವನ್ನು ಪಂಪಿನ ಮೇಲೆ ಅಳೆಯುವ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ, ಹೊಡೆಯುವ ಆಳು ಬೇಗ ನಡೆದಷ್ಟೂ ಡೋಸ್ ಇಳಿಯುತ್ತದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಹೀಗಾಗಿ ಕಸ ಉಳಿದದ್ದಕ್ಕೆ ಡೋಸಿನ ಕೊರತೆಯೊಂದೇ ಕಾರಣವಾಗಿರಬಹುದು. ಆದರೆ ನಿಮ್ಮ ಹೊಲದಲ್ಲಿ ನಿರೋಧಕತೆ ಇಲ್ಲವೆಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ. ಕಡಿಮೆ ಡೋಸ್ ನಿರೋಧಕತೆಯ ಒಂದು ಬಗೆಯನ್ನು ತಾನೇ ಬೆಳೆಸುತ್ತದೆ, ಮತ್ತು 8 ವರ್ಷ ಒಂದೇ ಗುಂಪಿನ ಔಷಧ ಕಂಡ ಹೊಲದಲ್ಲಿ ಇನ್ನೊಂದು ಬಗೆಗೂ ಸಾಕಷ್ಟು ಅವಕಾಶ ಸಿಕ್ಕಿದೆ.

ಈ ಎರಡು ಬಗೆಗಳನ್ನು ತಿಳಿಯಬೇಕಾದರೆ ಔಷಧವು ಗಿಡದೊಳಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಗಿಡಗಳು ವ್ಯಾಲೀನ್, ಲ್ಯೂಸೀನ್, ಐಸೊಲ್ಯೂಸೀನ್ ಎಂಬ ಮೂರು ಅಮೈನೋ ಆಮ್ಲಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯ ಮೊದಲ ಸಾಮಾನ್ಯ ಹೆಜ್ಜೆಯನ್ನು ನಡೆಸುವ ಕಿಣ್ವದ ಹೆಸರು ಅಸಿಟೋಲ್ಯಾಕ್ಟೇಟ್ ಸಿಂಥೇಸ್, ಚಿಕ್ಕದಾಗಿ ಎ.ಎಲ್.ಎಸ್. ಇಮಾಜೆಥಾಪೈರ್ ಈ ಕಿಣ್ವವನ್ನು ತಡೆಯುತ್ತದೆ. ಹೊಸ ಜೀವಕೋಶಕ್ಕೆ ಬೇಕಾದ ಪ್ರೋಟೀನ್ ಕಟ್ಟುವ ಸಾಮಗ್ರಿ ನಿಂತುಹೋಗುವುದರಿಂದ, ಹೊಡೆದ ಒಂದೆರಡು ದಿನದಲ್ಲೇ ಬೆಳವಣಿಗೆ ನಿಲ್ಲುತ್ತದೆ. ವಾರದೊಳಗೆ ಸುಳಿಯ ಎಲೆ ಹಳದಿಯಾಗುತ್ತದೆ, ಕೆಲವು ಜಾತಿಗಳಲ್ಲಿ ನರಗಳು ಕೆಂಪು-ನೇರಳೆ ಬಣ್ಣಕ್ಕೆ ತಿರುಗುತ್ತವೆ. ಪೂರ್ತಿ ಸಾಯಲು ಎರಡು-ಮೂರು ವಾರ ಬೇಕು. ಹತ್ತನೆಯ ದಿನ ಹೊಲಕ್ಕೆ ಹೋಗಿ ಹುಲ್ಲು ಹಸಿರಾಗಿದೆಯೆಂದು ಮತ್ತೊಮ್ಮೆ ಹೊಡೆಯುವವರನ್ನು ಬಹಳ ನೋಡಿದ್ದೇನೆ. ತೀರ್ಪು ಕೊಡಬೇಕಾದದ್ದು 21ನೆಯ ದಿನ.

ಈ ಔಷಧದ ಬಲವೂ ದೌರ್ಬಲ್ಯವೂ ಒಂದೇ ಸಂಗತಿಯಲ್ಲಿವೆ. ಅದು ಕಿಣ್ವವು ಕೆಲಸ ಮಾಡುವ ಮುಖ್ಯ ಸ್ಥಾನದಲ್ಲಿ ಕೂರುವುದಿಲ್ಲ. ಆ ಸ್ಥಾನಕ್ಕೆ ಕಚ್ಚಾವಸ್ತು ಹೋಗುವ ದಾರಿಯಲ್ಲಿ, ಕಿರುಓಣಿಗೆ ಅಡ್ಡ ನಿಂತ ಚಕ್ಕಡಿಯಂತೆ, ತಡೆಯಾಗಿ ನಿಲ್ಲುತ್ತದೆ. ಮುಖ್ಯ ಸ್ಥಾನದ ಒಂದು ಅಮೈನೋ ಆಮ್ಲ ಬದಲಾದರೆ ಕಿಣ್ವವೇ ಕೆಟ್ಟು ಗಿಡ ಸಾಯಬಹುದು, ಆದರೆ ದಾರಿಯ ಗೋಡೆಯಲ್ಲಿ ಒಂದು ಬದಲಾದರೆ ಕಿಣ್ವ ಹೆಚ್ಚು-ಕಡಿಮೆ ಮೊದಲಿನಂತೆ ದುಡಿಯುತ್ತದೆ, ಔಷಧಕ್ಕೆ ಮಾತ್ರ ಅಲ್ಲಿ ಹಿಡಿತ ಸಿಗುವುದಿಲ್ಲ. ಇಂಥ ಬದಲಾವಣೆ ಆಗಬಲ್ಲ ಕನಿಷ್ಠ ಎಂಟು ಸ್ಥಾನಗಳು ಲೋಕದ ಬೇರೆ ಬೇರೆ ಕಸಗಳಲ್ಲಿ ದಾಖಲಾಗಿವೆ. ಅವುಗಳಲ್ಲಿ ಮೂರನ್ನು ನೆನಪಿಡಿ. 653ನೆಯ ಸ್ಥಾನದ ಸೆರೀನ್ ಬದಲಾದರೆ ಮುಖ್ಯವಾಗಿ ಇಮಾಜೆಥಾಪೈರ್‌ನ ಮನೆತನಕ್ಕೆ ನಿರೋಧಕತೆ ಬರುತ್ತದೆ. 197ನೆಯ ಸ್ಥಾನದ ಪ್ರೋಲೀನ್ ಬದಲಾದರೆ ಹೆಚ್ಚಾಗಿ ಕ್ಲೋರಿಮ್ಯುರಾನ್, ಮೆಟ್‌ಸಲ್ಫ್ಯುರಾನ್‌ಗಳಂಥ ಸಲ್ಫೋನಿಲ್ ಯೂರಿಯಾಗಳಿಗೆ ಬರುತ್ತದೆ. 574ನೆಯ ಸ್ಥಾನದ ಟ್ರಿಪ್ಟೊಫಾನ್ ಹೋಗಿ ಲ್ಯೂಸೀನ್ ಬಂದರೆ ಎ.ಎಲ್.ಎಸ್. ತಡೆಯುವ ಬಹುತೇಕ ಎಲ್ಲ ಮನೆತನಗಳೂ ಒಟ್ಟಿಗೆ ಕೈಕೊಡುತ್ತವೆ. ಬದಲಾವಣೆಯಿಂದ ಗಿಡಕ್ಕೆ ದೊಡ್ಡ ನಷ್ಟವಿಲ್ಲದ ಕಾರಣ, ಔಷಧ ನಿಲ್ಲಿಸಿದ ಮಾತ್ರಕ್ಕೆ ಇಂಥ ಗಿಡಗಳು ಹೊಲದಿಂದ ತಾವಾಗಿಯೇ ಮಾಯವಾಗುವುದಿಲ್ಲ. ನಾಲ್ಕು ವರ್ಷ ಬಿಟ್ಟು ಮತ್ತೆ ಅದೇ ಔಷಧಕ್ಕೆ ಬಂದರೆ ಸಮಸ್ಯೆಯೂ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ.

ಎರಡನೆಯ ಬಗೆ ಇನ್ನೂ ತೊಡಕಿನದು. ಸೋಯಾಬೀನ್ ಗಿಡ ಇಮಾಜೆಥಾಪೈರ್‌ನಿಂದ ಏಕೆ ಸಾಯುವುದಿಲ್ಲ? ಅದರ ಎ.ಎಲ್.ಎಸ್. ಕಿಣ್ವಕ್ಕೂ ಔಷಧ ತಡೆಯೊಡ್ಡಬಲ್ಲದು, ಆದರೆ ಸೋಯಾಬೀನ್ ಔಷಧವನ್ನು ಬೇಗನೆ ಒಡೆದು ನಿರುಪದ್ರವಿಯಾಗಿ ಮಾಡಿಕೊಳ್ಳುತ್ತದೆ. ಈ ಕೆಲಸದಲ್ಲಿ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳ ದೊಡ್ಡ ಕುಟುಂಬದ ಪಾತ್ರವಿದೆ. ಕಸದ ಗಿಡಗಳಲ್ಲೂ ಆ ಕುಟುಂಬವಿದೆ, ವೇಗ ಮಾತ್ರ ಕಡಿಮೆ. ಪೂರ್ತಿ ಡೋಸ್ ಬಿದ್ದಾಗ, ಸ್ವಲ್ಪ ಹೆಚ್ಚು ವೇಗವಾಗಿ ಒಡೆಯಬಲ್ಲ ಗಿಡವೂ ಸಾಯುತ್ತದೆ. 60-70 ಶೇಕಡಾ ಡೋಸ್ ಬಿದ್ದಾಗ ಅದು ಬದುಕಿ ಬೀಜ ಕಟ್ಟುತ್ತದೆ, ಮರುವರ್ಷ ಆ ಬೀಜದ ಗಿಡಗಳಲ್ಲಿ ಇನ್ನೂ ವೇಗದವು ಉಳಿಯುತ್ತವೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವ ಈ ನಿರೋಧಕತೆಯು ಔಷಧದ ಗುಂಪನ್ನು ಗಮನಿಸುವುದಿಲ್ಲ. ಒಂದೇ ಕಿಣ್ವ ಎರಡು ಬೇರೆ ಗುಂಪಿನ ಔಷಧಗಳನ್ನೂ ಒಡೆಯಬಹುದು, ಇನ್ನೂ ಒಮ್ಮೆಯೂ ಹೊಡೆಯದ ಔಷಧವನ್ನು ಸಹ. ಪಂಜಾಬ್, ಹರಿಯಾಣದ ಗೋಧಿ ಹೊಲಗಳ ಗುಲ್ಲಿ ದಂಡಾ ಹುಲ್ಲು 1990ರ ದಶಕದ ಆರಂಭದಲ್ಲಿ ಐಸೊಪ್ರೊಟ್ಯೂರಾನ್‌ಗೆ ಬಗ್ಗದೆ ನಿಂತದ್ದು ಹೀಗೆ ಔಷಧವನ್ನು ಒಡೆಯುವ ಬಲದಿಂದ. ಅನಂತರ ಅಲ್ಲಿಗೆ ಬಂದ ಕ್ಲೊಡಿನಾಫಾಪ್, ಸಲ್ಫೋಸಲ್ಫ್ಯುರಾನ್‌ಗಳಿಗೂ ಕೆಲವು ವರ್ಷಗಳಲ್ಲಿ ಅದೇ ಹುಲ್ಲು ನಿರೋಧಕತೆ ತೋರಿಸಿತು.

ನಿಮ್ಮ ಹೊಲದಲ್ಲಿ ಸಮಸ್ಯೆ ‘ಎರಡು ವರ್ಷದಿಂದ’ ಇದೆ ಎಂದು ಬರೆದಿದ್ದೀರಿ. ಕಾಣಿಸಿಕೊಂಡದ್ದು ಎರಡು ವರ್ಷದಿಂದ, ಶುರುವಾದದ್ದು ಬಹುಶಃ ಅದಕ್ಕೂ ಮೊದಲು. ಒಂದು ಸರಳ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರಿಗೆ 100 ಹುಲ್ಲಿನ ಸಸಿ ಹುಟ್ಟುತ್ತವೆ ಎಂದುಕೊಂಡರೆ ಎಕರೆಗೆ 4 ಲಕ್ಷ, 6 ಎಕರೆಗೆ 24 ಲಕ್ಷ ಸಸಿ. ಹತ್ತು ಲಕ್ಷಕ್ಕೆ ಒಂದರಂತೆ ನಿರೋಧಕ ಗಿಡ ಮೊದಲೇ ಇತ್ತೆಂದು ಭಾವಿಸಿದರೆ ಹೊಲದಲ್ಲಿ ಎರಡು ಗಿಡ. ಒಂದೊಂದೂ 2,000 ಬೀಜ ಉದುರಿಸಿ, ಇಪ್ಪತ್ತಕ್ಕೆ ಒಂದು ಬೀಜ ಮರುವರ್ಷ ಗಿಡವಾದರೆ 200 ಗಿಡ. ಅದರ ಮರುವರ್ಷ 20,000. ಈ ಮೂರನೆಯ ವರ್ಷದಲ್ಲೂ ನೂರಕ್ಕೆ 99 ಗಿಡ ಸತ್ತಿರುತ್ತವೆ, ಔಷಧ ಚೆನ್ನಾಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ನಾಲ್ಕನೆಯ ವರ್ಷ 20 ಲಕ್ಷ. ನಿಜವಾದ ಹೊಲದಲ್ಲಿ ಗಿಡಗಳ ಒತ್ತು, ಮಣ್ಣಿನಲ್ಲಿರುವ ಹಳೆಯ ಬೀಜಗಳು, ಇರುವೆ-ಹಕ್ಕಿಗಳು ಈ ಓಟವನ್ನು ನಿಧಾನ ಮಾಡುತ್ತವೆ, ಆದರೆ ಅದರ ಸ್ವರೂಪ ಬದಲಾಗುವುದಿಲ್ಲ. ಹಿಡಿಯಬಹುದಾದ ಹಂತ ಎರಡನೆಯ ಮತ್ತು ಮೂರನೆಯ ವರ್ಷದ್ದು, ಮತ್ತು ಆಗ ಅದು ಕೆಲವೇ ತಟ್ಟುಗಳಾಗಿ ಕಾಣುತ್ತದೆ. ನೀವು ಹೇಳುವ ಸಾವೆಯಂಥ ಹುಲ್ಲು ಎಕಿನೋಕ್ಲೋವಾ ಕೊಲೋನಾ ಆಗಿದ್ದರೆ, ಅದು ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದಿಂದ ಬೀಜ ಕಟ್ಟುವ ಗಿಡ, ಬೀಜವೂ ತಾಯಿಯ ಬುಡದಲ್ಲೇ ಉದುರುತ್ತದೆ. ಅದಕ್ಕೇ ನಿರೋಧಕತೆ ತಟ್ಟಾಗಿ ಆರಂಭವಾಗಿ, ಕುಂಟೆ ಮತ್ತು ರಾಶಿ ಯಂತ್ರ ಓಡಾಡಿದ ದಿಕ್ಕಿಗೆ ಉದ್ದಕ್ಕೆ ಹರಡುತ್ತದೆ.

ಹೊಲದಲ್ಲಿ ನಿಂತು ಗುರುತಿಸುವ ಬಗೆ ಹೀಗಿದೆ. ಉಳಿದ ಕಸ ಸಾಲಾಗಿ, ಪಟ್ಟಿಯಾಗಿ ಇದ್ದರೆ ಅದು ಹೊಡೆದವರ ನಡಿಗೆಯ ಇಲ್ಲವೆ ನಾಝಲ್‌ನ ದೋಷ. ಎಲ್ಲ ಜಾತಿಯ ಕಸವೂ ಉಳಿದಿದ್ದರೆ ಡೋಸ್, ಹವಾಮಾನ ಇಲ್ಲವೆ ಔಷಧದ ಗುಣಮಟ್ಟವನ್ನು ಅನುಮಾನಿಸಬೇಕು. ಉಳಿದ ಗಿಡವನ್ನು ಕಿತ್ತು ನೋಡಿದಾಗ ಅದರಲ್ಲಿ ಔಷಧದ ಗುರುತೇ ಇಲ್ಲದಿದ್ದರೆ, ಅದು ಸಿಂಪಡಣೆಯ ನಂತರ ಎರಡನೆಯ ಸಲ ಹುಟ್ಟಿದ ಸಸಿ ಆಗಿರಬಹುದು. ಆರಿದ್ರಾ, ಪುನರ್ವಸು ಮಳೆ ಬಿಡದೆ ಸುರಿದ ವರ್ಷ ಇದು ಸಾಮಾನ್ಯ. ಇವೆಲ್ಲ ಅಲ್ಲದೆ, ಮಿಕ್ಕ ಜಾತಿಗಳು ಚೆನ್ನಾಗಿ ಸತ್ತು, ಒಂದೇ ಜಾತಿಯ ಒಂದೇ ಎತ್ತರದ ಸತ್ತ ಗಿಡ ಮತ್ತು ಬದುಕಿದ ಗಿಡ ಅಕ್ಕಪಕ್ಕದಲ್ಲಿ ನಿಂತಿದ್ದರೆ, ಮತ್ತು ಆ ತಟ್ಟು ಹೋದ ವರ್ಷಕ್ಕಿಂತ ಅಗಲವಾಗಿದ್ದರೆ, ಆಗ ನಿರೋಧಕತೆಯ ಅನುಮಾನ ಬಲವಾಗುತ್ತದೆ.

ಕನ್ನೆ ಸೊಪ್ಪನ್ನು ಈ ಅನುಮಾನದಿಂದ ಸದ್ಯಕ್ಕೆ ಹೊರಗಿಡಿ. ಅದು ಎರಡು-ಮೂರು ಎಲೆಯಲ್ಲಿದ್ದಾಗ ಮಾತ್ರ ಇಮಾಜೆಥಾಪೈರ್‌ಗೆ ಬಗ್ಗುವ ಕಸ. ದಂಟು ಕಟ್ಟಿ ಹಬ್ಬಿದ ಮೇಲೆ ಪೂರ್ತಿ ಡೋಸನ್ನೂ ತಾಳಿಕೊಳ್ಳುತ್ತದೆ. ಅದು ಹುಟ್ಟುಗುಣ, ಔಷಧದಿಂದ ಆಯ್ಕೆಯಾಗಿ ಬಂದ ನಿರೋಧಕತೆಯಲ್ಲ. ಮೇಲಾಗಿ ಅದು ಮಣ್ಣಿನೊಳಗೂ ಹೂವಾಗಿ ಅಲ್ಲಿಯೇ ಬೀಜ ಕಟ್ಟುತ್ತದೆ, ತುಂಡಾದ ದಂಟಿನ ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತದೆ. ಹಸಿ ನೆಲದಲ್ಲಿ ಎಡೆ ಹೊಡೆದರೆ ಒಂದು ಗಿಡ ಹತ್ತಾಗುವುದು ಇದಕ್ಕೇ.

ಹುಲ್ಲಿನ ವಿಷಯಕ್ಕೆ ಮಾತ್ರ ಪರೀಕ್ಷೆ ಮಾಡಬೇಕು, ಅದು ಮನೆಯಲ್ಲೇ ಸಾಧ್ಯ. ತಟ್ಟಿನಲ್ಲಿ ಉಳಿದ 30-40 ಗಿಡಗಳಿಂದ ಮಾಗಿದ ಬೀಜವನ್ನು ಕಾಗದದ ಚೀಲಕ್ಕೆ ಸಂಗ್ರಹಿಸಿ ನೆರಳಿನಲ್ಲಿ ಒಣಗಿಸಿ. ಈ ಔಷಧವನ್ನು ಎಂದೂ ಕಾಣದ ಜಾಗದಿಂದ, ಉದಾಹರಣೆಗೆ ಗಾಯರಾಣ ಜಮೀನು ಇಲ್ಲವೆ ದೂರದ ಹಳ್ಳದ ದಂಡೆಯಿಂದ, ಅದೇ ಜಾತಿಯ ಬೀಜವನ್ನೂ ತನ್ನಿ. ಈ ಎರಡನೆಯ ಬೀಜವಿಲ್ಲದೆ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ನಿಮ್ಮ ಕೈಯ ತಪ್ಪು ಯಾವುದು, ಹುಲ್ಲಿನ ಗುಣ ಯಾವುದು ಎಂದು ಬೇರ್ಪಡಿಸಿ ತೋರಿಸುವುದು ಅದೇ. ಹೊಸ ಬೀಜಕ್ಕೆ ಸುಪ್ತಾವಸ್ಥೆ ಇರುವುದರಿಂದ ಕೂಡಲೇ ಬಿತ್ತಬೇಡಿ. ಫೆಬ್ರುವರಿ-ಮಾರ್ಚ್‌ವರೆಗೆ ಒಣಗಿದ ಜಾಗದಲ್ಲಿಟ್ಟು, ಬಿಸಿಲು ಏರಿದ ಮೇಲೆ, ಔಷಧ ಕಾಣದ ಎರೆಮಣ್ಣು ತುಂಬಿದ ಟ್ರೇಗಳಲ್ಲಿ ಬಿತ್ತಿ. ಪ್ರತಿ ಟ್ರೇಯಲ್ಲಿ 20 ಸಸಿ ಉಳಿಸಿ, ಎರಡು-ಮೂರು ಎಲೆಯಾದಾಗ ಹೊಡೆಯಬೇಕು.

ಡೋಸ್ ಅಳೆಯಲು ಗುಂಟೆ ಲೆಕ್ಕವೇ ಅನುಕೂಲ. ಎಕರೆಗೆ 400 ಮಿ.ಲೀ. ಔಷಧ, 200 ಲೀಟರ್ ನೀರು ಎಂದರೆ ಗುಂಟೆಗೆ 10 ಮಿ.ಲೀ. ಮತ್ತು 5 ಲೀಟರ್. 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಸುಮಾರು ಕಾಲು ಗುಂಟೆ. ಅಲ್ಲಿ ಟ್ರೇಗಳನ್ನು ಹರಡಿಟ್ಟು 1.25 ಲೀಟರ್ ನೀರಿಗೆ 2.5 ಮಿ.ಲೀ. ಔಷಧ ಬೆರೆಸಿ, ಕಂಪನಿ ಹೇಳಿದ ಅಂಟುದ್ರವ ಹಾಕಿ, ಇಡೀ ಜಾಗಕ್ಕೆ ಸಮನಾಗಿ ಹೊಡೆದರೆ ಅದು ಪೂರ್ತಿ ಡೋಸ್. ಅನುಮಾನದ ಬೀಜದ ಟ್ರೇಗಳಿಗೆ ಔಷಧವಿಲ್ಲದ್ದು, ಪೂರ್ತಿ, ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು. ಗಾಯರಾಣದ ಬೀಜದ ಟ್ರೇಗಳಿಗೆ ಔಷಧವಿಲ್ಲದ್ದು, ಎಂಟನೆಯ ಒಂದು, ಕಾಲು, ಅರ್ಧ, ಪೂರ್ತಿ. ಪ್ರತಿ ಡೋಸಿಗೆ ಕನಿಷ್ಠ ಮೂರು ಟ್ರೇ ಇರಲಿ. 21ನೆಯ ದಿನ ಬದುಕಿದವನ್ನು ಎಣಿಸಿ, ನೆಲದ ಮಟ್ಟಕ್ಕೆ ಕೊಯ್ದು ತೂಗಿ.

ಫಲಿತಾಂಶವನ್ನು ಓದುವುದು ಹೀಗೆ. ಔಷಧವಿಲ್ಲದ ಟ್ರೇಯ ತೂಕವನ್ನು ಅರ್ಧಕ್ಕೆ ಇಳಿಸುವ ಡೋಸ್ ಯಾವುದೆಂದು ಎರಡೂ ಬೀಜಗಳಿಗೆ ನೋಡಬೇಕು. ಉದಾಹರಣೆಗೆ, ಗಾಯರಾಣದ ಹುಲ್ಲು ಕಾಲು ಡೋಸಿಗೆ ಅರ್ಧಕ್ಕಿಳಿದು, ನಿಮ್ಮ ಹೊಲದ್ದು ಅರ್ಧಕ್ಕಿಳಿಯಲು ಪೂರ್ತಿ ಡೋಸ್ ಬೇಡಿದರೆ ವ್ಯತ್ಯಾಸ ನಾಲ್ಕು ಪಟ್ಟು. ನಿಮ್ಮ ಹುಲ್ಲು ಎಂಟು ಪಟ್ಟು ಡೋಸಿನಲ್ಲೂ ಹಸಿರಾಗಿ ನಿಂತರೆ ಕಿಣ್ವವೇ ಬದಲಾಗಿರುವ ಸಂಭವ ಹೆಚ್ಚು. ಎರಡರಿಂದ ಏಳೆಂಟು ಪಟ್ಟಿನ ನಡುವಿದ್ದು, ಗಿಡಗಳು ಮೊದಲು ಹಳದಿಯಾಗಿ ಅನಂತರ ಸುಳಿ ಬಿಟ್ಟು ಚೇತರಿಸಿಕೊಂಡರೆ ಒಡೆಯುವ ಬಗೆಯ ನಿರೋಧಕತೆ ಇರಬಹುದು. ಇದು ಸೂಚನೆ, ಪುರಾವೆಯಲ್ಲ. ಪ್ರಯೋಗಾಲಯದಲ್ಲಿ ಮೊದಲು ಮ್ಯಾಲಥಿಯಾನ್ ಹೊಡೆದು ಪಿ-450 ಕಿಣ್ವವನ್ನು ತಡೆದು, ಅನಂತರ ಕಳೆನಾಶಕ ಹೊಡೆದಾಗ ಹುಲ್ಲು ಸತ್ತರೆ ಒಡೆಯುವ ಬಗೆ ಇದೆಯೆಂದು ತಿಳಿಯುತ್ತಾರೆ. ಈ ಉಪಾಯವನ್ನು ಹೊಲದಲ್ಲಿ ಮಾಡಬೇಡಿ, ಸೋಯಾಬೀನೂ ಅದೇ ಕಿಣ್ವದ ಮೇಲೆ ಬದುಕಿದೆ. ಇನ್ನೂ ಕೆಲವು ಟ್ರೇ ಬೆಳೆಸಿ ಫ್ಲುವಾಜಿಫಾಪ್ ಇಲ್ಲವೆ ಪ್ರೊಪಕ್ವಿಜಾಫಾಪ್‌ನಂಥ ಹುಲ್ಲುನಾಶಕವನ್ನು ಪೂರ್ತಿ ಡೋಸಿನಲ್ಲಿ ಹೊಡೆದು ನೋಡಿ. ಯಾವುದು ಹೋಯಿತು ಎನ್ನುವುದಕ್ಕಿಂತ ಯಾವುದು ಇನ್ನೂ ಉಳಿದಿದೆ ಎನ್ನುವುದು ರೈತನಿಗೆ ಹೆಚ್ಚು ಉಪಯೋಗದ ಮಾಹಿತಿ. ಬೀಜದ ಒಂದು ಭಾಗವನ್ನು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬೇಸಾಯಶಾಸ್ತ್ರ ವಿಭಾಗಕ್ಕೆ ತೋರಿಸಿ.

ಈಗ ಅಂಗಡಿಯ ಸಲಹೆಗೆ ಬರುತ್ತೇನೆ. ಹೋದ ವರ್ಷ ನೀವು ಮೂರು ಹೆಸರಿನ ಔಷಧ ಹೊಡೆದಿರಿ, ಕಸ ಕಂಡದ್ದು ಒಂದೇ ಔಷಧವನ್ನು. ಡೈಕ್ಲೋಸುಲಾಮ್, ಇಮಾಜೆಥಾಪೈರ್, ಇಮಾಜಾಮಾಕ್ಸ್ ಮೂರೂ ಎ.ಎಲ್.ಎಸ್. ತಡೆಯುವವೇ, ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮೂರೂ ಗುಂಪು 2. ಇಷ್ಟೇ ಅಲ್ಲ. ಹಿಂಗಾರಿ ಗೋಧಿಗೆ ನೀವು ಮೆಟ್‌ಸಲ್ಫ್ಯುರಾನ್ ಇಲ್ಲವೆ ಸಲ್ಫೋಸಲ್ಫ್ಯುರಾನ್ ಹೊಡೆಯುತ್ತಿದ್ದರೆ ಅದೂ ಗುಂಪು 2. ಗೋಕಾಕ, ಮುಧೋಳದ ಕಡೆ ಕಬ್ಬಿನಲ್ಲಿ ಜೇಕಿಗೆ ಹೊಡೆಯುವ ಹ್ಯಾಲೋಸಲ್ಫ್ಯುರಾನ್ ಕೂಡ ಗುಂಪು 2. ಸೋಯಾಬೀನ್ ಬಿಟ್ಟು ಶೇಂಗಾ ಹಾಕಿ ಅದರಲ್ಲೂ ಇಮಾಜೆಥಾಪೈರ್ ಹೊಡೆದರೆ ಬೆಳೆ ಬದಲಾಯಿತೇ ವಿನಾ ಕಸದ ಪಾಲಿಗೆ ಏನೂ ಬದಲಾಗಲಿಲ್ಲ. ಡಬ್ಬಿಯ ಮೇಲಿನ ದೊಡ್ಡ ಹೆಸರನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಹೆಸರನ್ನು ಒಂದು ವಹಿಯಲ್ಲಿ ಹೊಲವಾರು, ವರ್ಷವಾರು ಬರೆದಿಡಿ. ಆ ಒಂದು ಪುಟ ಕೈಯಲ್ಲಿದ್ದರೆ ನನ್ನಂಥವರ ಅರ್ಧ ಕೆಲಸ ಮುಗಿಯುತ್ತದೆ.

ಎರಡು ಗುಂಪು ಕೂಡಿಸಿದ ಸಿದ್ಧ ಮಿಶ್ರಣಗಳ ಬಗ್ಗೆಯೂ ಎಚ್ಚರ ಬೇಕು. ಮಿಶ್ರಣದ ತರ್ಕ ಚೆನ್ನಾಗಿದೆ: ಒಂದು ಔಷಧಕ್ಕೆ ಹತ್ತು ಲಕ್ಷಕ್ಕೊಂದು, ಇನ್ನೊಂದಕ್ಕೂ ಹತ್ತು ಲಕ್ಷಕ್ಕೊಂದು ನಿರೋಧಕ ಗಿಡವಿದ್ದರೆ, ಎರಡಕ್ಕೂ ನಿರೋಧಕವಾದ ಗಿಡ ಲಕ್ಷ ಕೋಟಿಗೆ ಒಂದು. ಆದರೆ ಈ ಲೆಕ್ಕ ನಡೆಯಬೇಕಾದರೆ ಎರಡು ಔಷಧಗಳೂ ಅದೇ ಕಸವನ್ನು, ತಮ್ಮ ಪೂರ್ತಿ ಡೋಸಿನಲ್ಲಿ, ತಾವೊಂದೇ ಆಗಿ ಕೊಲ್ಲಬಲ್ಲವಾಗಿರಬೇಕು. ಪ್ರೊಪಕ್ವಿಜಾಫಾಪ್ ಮತ್ತು ಇಮಾಜೆಥಾಪೈರ್ ಮಿಶ್ರಣ ಹುಲ್ಲಿನ ಪಾಲಿಗೆ ಎರಡು ಗುಂಪು, ಅಗಲೆಲೆ ಕಸದ ಪಾಲಿಗೆ ಒಂದೇ, ಏಕೆಂದರೆ ಪ್ರೊಪಕ್ವಿಜಾಫಾಪ್ ತಡೆಯುವ ಕಿಣ್ವದ ರೂಪ ಅಗಲೆಲೆ ಗಿಡಗಳ ಹರಿತ್ಕಣದಲ್ಲಿ ಬೇರೆಯೇ ಆಗಿದೆ. ಈಗಾಗಲೇ ಇಮಾಜೆಥಾಪೈರ್‌ಗೆ ನಿರೋಧಕವಾಗಿರುವ ಹುಲ್ಲಿನ ಮೇಲೆ ಅದೇ ಮಿಶ್ರಣ ಹೊಡೆದರೆ ಅಲ್ಲಿ ಕೆಲಸ ಮಾಡುವುದು ಪ್ರೊಪಕ್ವಿಜಾಫಾಪ್ ಒಂದೇ, ಮತ್ತು ಮುಂದಿನ ನಾಲ್ಕೈದು ವರ್ಷದಲ್ಲಿ ಅದನ್ನೂ ಕಳೆದುಕೊಳ್ಳುತ್ತೀರಿ. ಒಡೆಯುವ ಬಗೆಯ ನಿರೋಧಕತೆ ಇದ್ದಲ್ಲಂತೂ ಲಕ್ಷ ಕೋಟಿಯ ಲೆಕ್ಕವೇ ಹಿಡಿಯುವುದಿಲ್ಲ.

ಆದ್ದರಿಂದ ಬರುವ ಮುಂಗಾರಿಗೆ ನಿಮ್ಮ ಹೊಲದಲ್ಲಿ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಪರೀಕ್ಷೆಯ ಫಲ ಏನೇ ಬಂದರೂ ಇದರಿಂದ ನಷ್ಟವಿಲ್ಲ. ರೋಹಿಣಿ ಮಳೆಗೆ ಹೊಲ ಹದ ಮಾಡಿ ಬಿತ್ತದೆ ಬಿಡಿ. ಮೊದಲ ಕಸ ಹುಟ್ಟಿದ ಮೇಲೆ ಕುಂಟೆಯನ್ನು ಮೇಲ್ಮೇಲೆ, ಎರಡು ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಹೊಡೆದು ಅನಂತರ ಬಿತ್ತಿ. ಮೇಲಿನ ಪದರದ ಬೀಜದ ದೊಡ್ಡ ಪಾಲು, ನಿರೋಧಕವಿರಲಿ ಇಲ್ಲದಿರಲಿ, ಇಲ್ಲೇ ಮುಗಿಯುತ್ತದೆ. ಕಬ್ಬಿಣಕ್ಕೆ ನಿರೋಧಕತೆ ಬೆಳೆಸಿಕೊಂಡ ಹುಲ್ಲನ್ನು ನಾನಂತೂ ಕಂಡಿಲ್ಲ. ಮಳೆ ತಡವಾದ ವರ್ಷ ಇದಕ್ಕೆ ಸಮಯ ಸಿಗದು, ಆಗ ಮುಂದಿನ ಹೆಜ್ಜೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ.

ಬಿತ್ತಿದ ಎರಡು ದಿನದೊಳಗೆ, ಕಸ ಹುಟ್ಟುವ ಮುನ್ನ, ಮೆಟೊಲಾಕ್ಲೋರ್ 50 ಇ.ಸಿ. ಎಕರೆಗೆ 800 ಮಿ.ಲೀ. ಹೊಡೆಯಿರಿ. ಇದು ಗುಂಪು 15ರ ಔಷಧ; ಮೊಳಕೆಯ ಉದ್ದ ಸರಪಳಿಯ ಕೊಬ್ಬಿನ ಆಮ್ಲಗಳ ತಯಾರಿಕೆಯನ್ನು ತಡೆಯುತ್ತದೆ. ಹೆಚ್ಚು ಪರಿಚಿತವಾದ ಪೆಂಡಿಮೆಥಾಲಿನ್ ಬಿಟ್ಟು ಇದನ್ನೇ ಹೇಳಲು ಕಾರಣ ನಿಮ್ಮ ಕನ್ನೆ ಸೊಪ್ಪು. ಪೆಂಡಿಮೆಥಾಲಿನ್ ಹುಲ್ಲಿನ ಮೇಲೆ ಚೆನ್ನಾಗಿದ್ದರೂ ಕನ್ನೆ ಸೊಪ್ಪಿನ ಮೇಲೆ ದುರ್ಬಲ, ಮೆಟೊಲಾಕ್ಲೋರ್ ಎರಡರ ಮೇಲೂ ಕೆಲಸ ಮಾಡುತ್ತದೆ. ಇದು ನಡೆಯಲು ಮಣ್ಣಿನ ಮೇಲ್ಪದರದಲ್ಲಿ ಹಸಿ ಇರಬೇಕು. ಹೊಡೆದ ಮೇಲೆ ವಾರ-ಹತ್ತು ದಿನ ಮಳೆಯಿಲ್ಲದೆ ಮಣ್ಣು ಬಿರಿದರೆ ಅರ್ಧ ಫಲವೂ ಸಿಗದು.

ಉಳಿದು ಹುಟ್ಟಿದ್ದಕ್ಕೆ, 15ರಿಂದ 20 ದಿನದ ನಡುವೆ, ಫ್ಲುವಾಜಿಫಾಪ್-ಪಿ-ಬ್ಯೂಟೈಲ್ ಮತ್ತು ಫೋಮೆಸಾಫೆನ್ ಕೂಡಿದ ಸಿದ್ಧ ಮಿಶ್ರಣ ಎಕರೆಗೆ 400 ಮಿ.ಲೀ. ಮೊದಲನೆಯದು ಗುಂಪು 1, ಹುಲ್ಲಿಗೆ. ಎರಡನೆಯದು ಗುಂಪು 14, ಅಗಲೆಲೆಗೆ. ಫೋಮೆಸಾಫೆನ್ ತಗುಲಿದ ಕಡೆಯೇ ಸುಡುವ ಔಷಧ. ಬೆಳಕಿನಲ್ಲಿ ಅದು ಕೋಶದ ಪೊರೆಯನ್ನು ಹರಿಯುತ್ತದೆ, ಗಿಡದೊಳಗೆ ದೂರ ಸಾಗುವುದಿಲ್ಲ. ಆದ್ದರಿಂದ ಎಲೆ ಪೂರ್ತಿ ನೆನೆಯುವಂತೆ, ಬಿಸಿಲಿರುವ ದಿನ, ಚಪ್ಪಟೆ ಬೀಸಣಿಗೆಯಂತೆ ಹೊಡೆಯುವ ನಾಝಲ್‌ನಿಂದ ಹೊಡೆಯಬೇಕು. ಸೋಯಾಬೀನ್ ಎಲೆಗಳ ಮೇಲೂ ಕಂಚಿನ ಬಣ್ಣದ ಸುಟ್ಟ ಚುಕ್ಕೆ ಏಳುತ್ತವೆ. ಗಾಬರಿ ಬೇಡ, ಹೊಸ ಎಲೆ ಶುದ್ಧವಾಗಿ ಬರುತ್ತದೆ. ಕಸ ನಾಲ್ಕೆಲೆ ದಾಟಿದ ಮೇಲೆ ಹೊಡೆದರೆ ತುದಿ ಸುಟ್ಟು ಬುಡ ಚಿಗುರುತ್ತದೆ, ಆಗ ಅದನ್ನು ನಿರೋಧಕತೆ ಎಂದು ಮತ್ತೆ ತಪ್ಪು ತಿಳಿಯಬೇಡಿ.

ಹೊಡೆಯುವ ಮುನ್ನ ಬರೀ ನೀರು ತುಂಬಿ ಒಂದು ಗುಂಟೆಗೆ ಎಷ್ಟು ಲೀಟರ್ ಖರ್ಚಾಗುತ್ತದೆ ಎಂದು ಅಳೆಯಿರಿ. ನಿಮ್ಮ ಆಳಿನ ನಡಿಗೆಗೆ ಗುಂಟೆಗೆ ಎರಡೂವರೆ ಲೀಟರ್ ಖರ್ಚಾದರೆ ಎಕರೆಗೆ 100 ಲೀಟರ್, ಸುಮಾರು ಏಳು ಪಂಪು. ಅದೇ ನಡಿಗೆಯಲ್ಲಿ 400 ಮಿ.ಲೀ. ಮುಟ್ಟಿಸಬೇಕಾದರೆ ಪಂಪಿಗೆ 60 ಮಿ.ಲೀ. ಬೇಕು. ಅದಕ್ಕಿಂತ ನಡಿಗೆಯನ್ನು ನಿಧಾನಿಸಿ ನೀರನ್ನು 200 ಲೀಟರಿನ ಹತ್ತಿರಕ್ಕೆ ತರುವುದು ಉತ್ತಮ, ಸುಡುವ ಔಷಧಕ್ಕಂತೂ ಅದೇ ಸರಿ.

ಇಷ್ಟಾದ ಮೇಲೂ 35-40ನೆಯ ದಿನಕ್ಕೆ ಉಳಿದ ಹುಲ್ಲು ಕೆಲವೇ ಇರುತ್ತದೆ. ಈ ಇಡೀ ಕ್ರಮದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಕೆಲವನ್ನು ತೆನೆ ಕಟ್ಟುವ ಮುನ್ನ ಕೈಯಿಂದ ಕೀಳಿಸುವುದಕ್ಕೆ. ಇಳುವರಿಯ ದೃಷ್ಟಿಯಿಂದ ಅವು ಲೆಕ್ಕಕ್ಕಿಲ್ಲ, ಆಳಿನ ಪಗಾರ ದಂಡವೆನಿಸುತ್ತದೆ. ಆದರೆ ಹಿಂದಿನ ಲೆಕ್ಕದಲ್ಲಿ 200 ಗಿಡ 20,000 ಆಗುವುದು ಇಲ್ಲಿಯೇ. ಕನ್ನೆ ಸೊಪ್ಪನ್ನು ಒಣ ಬಿಡುವು ಸಿಕ್ಕ ದಿನ ಕಿತ್ತು, ಬದುವಿನ ಮೇಲೆ ಎಸೆಯದೆ ತಿಪ್ಪೆಗೆ ಒಯ್ಯಿರಿ. ರಾಶಿ ಮಾಡುವಾಗ ತಟ್ಟಿರುವ ಭಾಗವನ್ನು ಕೊನೆಗೆ ಕೊಯ್ಯಿಸಿ, ಯಂತ್ರವನ್ನು ಅಲ್ಲಿಯೇ ಜಾಡಿಸಿ.

ಒಂದು ಮುಂಗಾರು ಬಿಟ್ಟು ಇನ್ನೊಂದಕ್ಕೆ ಗೋವಿನಜೋಳ ಹಾಕಲು ಸಾಧ್ಯವಾದರೆ ಅಟ್ರಾಜಿನ್, ಟೆಂಬೋಟ್ರಿಯೋನ್‌ಗಳ ಮೂಲಕ ಗುಂಪು 5 ಮತ್ತು 27 ಸಿಗುತ್ತವೆ, ಅವುಗಳಲ್ಲಿ ಗುಂಪು 27 ಸೋಯಾಬೀನಿನಲ್ಲಿ ಸಿಗದ ದಾರಿ. ಇಮಾಜೆಥಾಪೈರ್ ಅನ್ನು ಶಾಶ್ವತವಾಗಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ನಿಮ್ಮ ಹುಲ್ಲು ಪೂರ್ತಿ ಡೋಸಿಗೆ ಗಾಯರಾಣದ ಹುಲ್ಲಿನಂತೆಯೇ ಸತ್ತರೆ, ತಪ್ಪು ಪಂಪಿನ ಲೆಕ್ಕದ್ದು. ಆಗ ಮೂರು ವರ್ಷಕ್ಕೊಮ್ಮೆ, ಪೂರ್ತಿ ಡೋಸಿನಲ್ಲಿ, ಮೊದಲು ಗುಂಪು 15ರ ಔಷಧ ಹೊಡೆದ ಹೊಲದಲ್ಲಿ ಅದನ್ನು ಬಳಸಬಹುದು.

ಕೊನೆಯದಾಗಿ, ಡೋಸ್ ಎರಡು ಪಟ್ಟು ಏಕೆ ಬೇಡ ಎಂಬುದು. ಕಿಣ್ವ ಬದಲಾಗಿದ್ದರೆ ಎರಡು ಪಟ್ಟೂ ಸಾಲದು, ಉಳಿದ ಸೂಕ್ಷ್ಮ ಗಿಡಗಳನ್ನು ಕೊಂದು ನಿರೋಧಕ ಗಿಡಗಳಿಗೆ ಜಾಗ ಬಿಡಿಸಿಕೊಟ್ಟಂತಾಗುತ್ತದೆ. ಇನ್ನೊಂದು ಕಾರಣ ನಿಮ್ಮ ಹಿಂಗಾರಿ ಜೋಳ. ಇಮಾಜೆಥಾಪೈರ್ ಕ್ಷಾರಗುಣದ ಎರೆಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟದೆ ಮಣ್ಣಿನ ನೀರಿನಲ್ಲೇ ಉಳಿಯುತ್ತದೆ, ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ನೆಲ ಒಣಗಿದಾಗ ನಿಧಾನವಾಗುತ್ತವೆ, ಮತ್ತು ಜೋಳ ಈ ಔಷಧಕ್ಕೆ ಬಹಳ ಸೂಕ್ಷ್ಮ. ಆಗಸ್ಟ್-ಸೆಪ್ಟೆಂಬರ್ ಒಣಗಿದ ವರ್ಷ ಅನುಮಾನವಿದ್ದರೆ, ಬಿತ್ತುವ ಮೂರು ವಾರ ಮೊದಲು ಹೊಲದ ನಾಲ್ಕೈದು ಕಡೆಯ ನಾಲ್ಕು ಅಂಗುಲ ಆಳದ ಮಣ್ಣನ್ನೂ, ಔಷಧ ಕಾಣದ ಬದುವಿನ ಮಣ್ಣನ್ನೂ ಬೇರೆ ಬೇರೆ ಕುಂಡಗಳಿಗೆ ತುಂಬಿ ಜೋಳ ಹಾಕಿ ನೋಡಿ. ಎರಡು ವಾರದಲ್ಲಿ ಹೊಲದ ಮಣ್ಣಿನ ಸಸಿ ಗಿಡ್ಡವಾಗಿ, ಎಲೆಯ ನರಗಳ ನಡುವೆ ಹಳದಿಯಾಗಿ, ಬೇರು ಮೊಟಕಾಗಿ ಬಂದರೆ ಆ ವರ್ಷ ಜೋಳ ಬಿಟ್ಟು ಕಡಲೆ ಬಿತ್ತಿ.